ಹಿಡಿದವಳೇ ಎಸೆಯಬೇಕು

ಸಿಂಹಾಸನಗಳು ಕೈ ಬದಲಾಯಿಸಿದ್ದನ್ನು ಚರಿತ್ರೆ ಬರೆದಿಟ್ಟಿದೆ. ಒಂದು ಸೀಟಿ ಕೊರಳು ಬದಲಾಯಿಸಿದ್ದನ್ನು ಯಾರೂ ಬರೆದಿಟ್ಟಿಲ್ಲ. ಅದು ಚರಿತ್ರೆಯ ದೊಡ್ಡ ಲೋಪ. ಆ ಶಾಲೆಯ ಮಟ್ಟಿಗಂತೂ ಹಳದಿ ದಾರದ ಆ ಪ್ಲಾಸ್ಟಿಕ್ ಸೀಟಿ ಡ್ರಿಲ್ ಮೇಷ್ಟ್ರ ಕೊರಳಿನಿಂದ ಡ್ರಾಯಿಂಗ್ ಮಿಸ್ ಕೊರಳಿಗೆ ಬಿದ್ದದ್ದು ಕಡಿಮೆ ಸಂಗತಿಯಲ್ಲ.

ಡ್ರಿಲ್ ಮೇಷ್ಟ್ರು ಸ್ಟೋರ್ ರೂಮಿನ ಅಟ್ಟದಿಂದ ನೆಟ್ ಇಳಿಸಲು ಏಣಿ ಹತ್ತಿ, ನೆಟ್ಟಿಗಿಂತ ಮೊದಲು ತಾವೇ ಇಳಿದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆ ಸೇರಿದ್ದರು. ಮಾರನೆಯ ದಿನ ಹೆಡ್‌ಮೇಡಂ ಸ್ಟಾಫ್ ರೂಮಿಗೆ ಬಂದು ಸೀಟಿಯನ್ನು ಮೇಜಿನ ಮೇಲಿಟ್ಟು, "ಏಳನೇ ಕ್ಲಾಸ್ ಹುಡುಗಿಯರ ಥ್ರೋಬಾಲ್ ಯಾರಾದ್ರೂ ನೋಡ್ಕೊಳ್ಳಿ" ಎಂದು ಹೇಳಿ ಹೋದರು. ಆಮೇಲೆ ನಡೆದದ್ದು ಅಪ್ಪಟ ಆಟ. ವಿಜ್ಞಾನದವರು ಅದನ್ನು ಒಂದು ಬೆರಳಿನಿಂದ ಸಮಾಜದವರ ಕಡೆ ತಳ್ಳಿದರು. "ನನಗೆ ಮೊಣಕಾಲು ಕಣ್ರೀ" ಎಂದು ಸಮಾಜದವರು ಹೊಲಿಗೆಯವರ ಕಡೆ ತಳ್ಳಿದರು. ಸೀಟಿ ಊದಿದರೆ ತಮಗೆ ತಲೆ ಸುತ್ತು ಬರುತ್ತದೆ ಎಂದು ಹೊಲಿಗೆಯವರು ಊದದೆಯೇ ತಲೆ ಹಿಡಿದುಕೊಂಡರು. ಅಷ್ಟರಲ್ಲಿ ಎರಡೂ ಕೈಯಲ್ಲಿ ಬಣ್ಣದ ನೀರಿನ ಲೋಟಗಳನ್ನು ಹಿಡಿದು ಡ್ರಾಯಿಂಗ್ ಮಿಸ್ ಒಳಗೆ ಬಂದಳು. ಕೈ ಖಾಲಿ ಇಲ್ಲದವರು ಬೇಡ ಅನ್ನುವುದು ಕಷ್ಟ. ಯಾರೋ ಸೀಟಿಯನ್ನು ಅವಳ ಕೊರಳಿಗೆ ಹಾಕಿಯೇಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳು ಹುಟ್ಟಾ ಹೆದರುಪುಕ್ಕಲಿ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು. ಬಸ್ಸಿನಲ್ಲಿ ತನ್ನ ಸ್ಟಾಪ್ ಬರುವುದಕ್ಕೆ ಎರಡು ಸ್ಟಾಪ್ ಮುಂಚೆಯೇ ಎದ್ದು ನಿಲ್ಲುವವಳು. ಅಂಥವಳು ಹೆಡ್‌ಮೇಡಂ ಕೋಣೆಗೆ ಹೋಗಿ, "ಮೇಡಂ, ನನಗೆ ಆಟದ ಗಂಧಗಾಳಿ ಇಲ್ಲ" ಎಂದಳು.

ಹೆಡ್‌ಮೇಡಂ ಗಣಿತದವರು. ಕನ್ನಡಕದ ಮೇಲಿನಿಂದ ನೋಡಿದರು. "ಇಲ್ದಿದ್ರೆ ಇನ್ನೂ ಒಳ್ಳೇದೇ ಆಯ್ತು. ಗುರುವಾರದ ಆ ಎರಡು ಪೀರಿಯಡ್ ನಾನು ಗಣಿತಕ್ಕೆ ತಗೋತೀನಿ. ಭಿನ್ನರಾಶಿ ಒಂದಕ್ಕೂ ಬರಲ್ಲ."

"ಅಲ್ಲ ಮೇಡಂ, ಹುಡುಗಿಯರಿಗೆ ವಾರಕ್ಕೆ ಇರೋದೇ ಅದೊಂದು ಆಟ..."

"ಆಟ ಎಲ್ಲಿದೆ? ಗೋಡೆ ನೆರಳಲ್ಲಿ ಕೂತು ಒಬ್ಬರಿಗೊಬ್ಬರು ಜಡೆ ಹಾಕೋದಕ್ಕೆ ಪೀರಿಯಡ್ ಯಾಕೆ? ಜಡೆ ಮನೇಲಿ ಹಾಕ್ಕೊಂಡು ಬರ್ಲಿ." ಹೆಡ್‌ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಸರಿ, ನನ್ನದು ಅನ್ಯಾಯ ಅಂತ ಆಗ್ಬಾರ್ದು. ತಿಂಗಳ ಕೊನೆಗೆ ಪಕ್ಕದ ಬೀದಿ ಶಾಲೆಯವರ ಜೊತೆ ಮ್ಯಾಚ್ ಇದೆಯಲ್ಲ, ಅದರಲ್ಲಿ ಒಂದು ಸೆಟ್ ಗೆದ್ದು ತೋರಿಸಿ. ಒಂದೇ ಒಂದು. ಪೀರಿಯಡ್ ನಿಮ್ಮದು. ಇಲ್ಲ ಅಂದ್ರೆ ಭಿನ್ನರಾಶಿದು."

ಬೇಡ ಎನ್ನಲು ಹೋದವಳು ಹೀಗೆ ಪಂದ್ಯ ಒಪ್ಪಿಕೊಂಡು ಹೊರಗೆ ಬಂದಳು. 

ಡ್ರಿಲ್ ಮೇಷ್ಟ್ರು ಫೋನಿನಲ್ಲಿ ಪಾಠ ಹೇಳಿದರು. ಪ್ಲಾಸ್ಟರಿನೊಳಗೆ ಕಡಿತ ಬಂದಾಗಲೆಲ್ಲ ಮಾತು ಅರ್ಧಕ್ಕೆ ನಿಂತು, ಅಡಿಪಟ್ಟಿಯಿಂದ ಕೆರೆದುಕೊಳ್ಳುವ ಸದ್ದು ಕೇಳಿ, ಮತ್ತೆ ಮುಂದುವರಿಯುತ್ತಿತ್ತು.

"ಬರ್ಕೊಳ್ಳಿ ಮಿಸ್. ಚೆಂಡು ಎರಡೂ ಕೈಯಲ್ಲಿ ಒಟ್ಟಿಗೆ ಹಿಡೀಬೇಕು. ಮೈಗೆ ತಾಗಬಾರ್ದು. ಹಿಡಿಯುವಾಗ ಪಟ್ ಅಂತ ಸದ್ದು ಬರಬಾರ್ದು. ಕಾಲು ನೆಲದ ಮೇಲಿರಬೇಕು, ಹಾರಿ ಹಿಡಿದರೆ ಫೌಲ್. ಹಿಡಿದ ಮೇಲೆ ಮೂರು ಸೆಕೆಂಡ್, ಅಷ್ಟರಲ್ಲಿ ಎಸೀಬೇಕು. ಒಂದೇ ಕೈಯಲ್ಲಿ, ಭುಜದ ಮೇಲಿಂದ. ಎಸೆಯುವಾಗ ಬೇಕಿದ್ರೆ ಹಾರಬಹುದು. ಸರ್ವೀಸು ಹಿಂದಿನ ಗೆರೆ ಆಚೆಯಿಂದ, ಸೀಟಿ ಆದ ಐದು ಸೆಕೆಂಡ್ ಒಳಗೆ. ಸರ್ವೀಸ್ ಚೆಂಡು ನೆಟ್‌ಗೆ ತಾಗಬಾರ್ದು, ಆಟದ ಮಧ್ಯೆ ತಾಗಿದ್ರೆ ಪರವಾಗಿಲ್ಲ. ಒಂದು ಕಡೆಗೆ ಏಳು ಜನ: ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಇಬ್ಬರು. ಹದಿನೈದು ಪಾಯಿಂಟಿಗೆ ಒಂದು ಸೆಟ್. ಆಯ್ತಾ? ಆದ್ರೆ ಇದ್ಯಾವುದನ್ನೂ ಹುಡುಗಿಯರಿಗೆ ಹೀಗೆ ಒಪ್ಪಿಸಬೇಡಿ. ನಿದ್ದೆ ಮಾಡ್ತಾವೆ. ಸಣ್ಣ ಸಣ್ಣ ಆಟ ಕಟ್ಟಿ. ಆಟ ಆಡ್ತಾ ನಿಯಮ ಮೈಗೆ ಹತ್ತಬೇಕು. ಮೊದಲು ಪಾಸಿಂಗ್. ಪಾಸಿಂಗ್ ಜಾಸ್ತಿ ಮಾಡ್ಸಿ."

ಆ ಕೊನೆಯ ಮಾತನ್ನು ಅವಳು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ಕೆಟ್ಟದ್ದು ಅಲ್ಲಿಯೇ.

ಆದರೆ ಕೆಟ್ಟದ್ದು ಗೊತ್ತಾಗುವುದಕ್ಕೆ ಮುಂಚೆ ಒಳ್ಳೆಯದೂ ಸಾಕಷ್ಟು ಆಯಿತು. ನೆಲದ ಮೇಲೆ ಚಿತ್ರ ಬರೆಯಲು ಬರುವವಳಿಗೆ ಆಟ ಕಟ್ಟಲು ಬರದೆ ಇರುತ್ತದೆಯೇ? ಸದ್ದಿಲ್ಲದೆ ಹಿಡಿಯುವುದಕ್ಕೆ ಅವಳು 'ಮಗು ಮಲಗಿದೆ' ಎಂಬ ಆಟ ಹುಡುಕಿದಳು. ಇಬ್ಬಿಬ್ಬರು ಎದುರುಬದುರು ನಿಂತು ಚೆಂಡನ್ನು ಎಸೆದು ಹಿಡಿಯಬೇಕು. ಬೆರಳು ಅಗಲಿಸಿ, ಚೆಂಡು ಬಂದಂತೆ ಕೈಯನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡು, ತೊಟ್ಟಿಲಿಗೆ ಮಗುವನ್ನು ಇಳಿಸಿದ ಹಾಗೆ. ಪಟ್ ಎಂದಿತೋ, ಮಗು ಎದ್ದಿತು. ಎಬ್ಬಿಸಿದ ಜೋಡಿ ಕುಕ್ಕರುಗಾಲಲ್ಲಿ ಕೂರಬೇಕು. ಮೊದಲ ಗುರುವಾರ ಊರ ಮಕ್ಕಳೆಲ್ಲ ಎದ್ದು ಅಳುವಷ್ಟು ಸದ್ದಾಯಿತು. ಎರಡನೆಯ ಗುರುವಾರದ ಹೊತ್ತಿಗೆ ಗೋಡೆಯಾಚೆಯ ಸೈಕಲ್ ಬೆಲ್ ಕೇಳಿಸುತ್ತಿತ್ತು.

ಮೂರು ಸೆಕೆಂಡಿಗೆ 'ಬಿಸಿ ಪಾತ್ರೆ' ಎಂಬ ಇನ್ನೊಂದು ಆಟ. ವೃತ್ತದಲ್ಲಿ ನಿಂತು ಚೆಂಡನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬೇಕು. ಮಿಸ್ ಗಟ್ಟಿಯಾಗಿ "ಒಂದು, ಎರಡು" ಎನ್ನುತ್ತಾಳೆ, ಮೂರು ಅನ್ನುವಷ್ಟರಲ್ಲಿ ಕೈ ಖಾಲಿಯಾಗಿರಬೇಕು. ಈ ಎಣಿಕೆ ಅವಳ ಮನೆಯವರೆಗೂ ಬಂತು. ಅತ್ತೆ ಕೈಗೆ ಕೊಟ್ಟ ಹಾಲಿನ ಪಾತ್ರೆಯನ್ನು ಅವಳು ಎರಡು ಎಣಿಸುವುದರೊಳಗೆ ಅತ್ತೆಯ ಕೈಗೇ ವಾಪಸು ಕೊಟ್ಟಳು.

"ಏನಮ್ಮಾ ಇದು, ಪಾತ್ರೆ ಹಿಡಿಯೋಕೂ ಭಯಾನಾ ನಿನಗೆ?" ಎಂದರು ಅತ್ತೆ.

"ಹಿಡಿಯೋಕಲ್ಲ ಅತ್ತೆ, ಇಟ್ಕೊಳ್ಳೋಕೆ ಭಯ."

"ಹಾಗಾದ್ರೆ ನಿನಗೆ ಸಾಲ ಕೊಡಬಹುದು, ಕೊಟ್ಟ ಕೂಡಲೇ ತೀರಿಸ್ತೀಯ" ಎಂದು ಅತ್ತೆ ಹಾಲನ್ನು ಒಲೆಯ ಮೇಲಿಟ್ಟರು.

ಏಳನೇ ಕ್ಲಾಸಿನಲ್ಲಿ ಇಬ್ಬರು ಗೆಳತಿಯರಿದ್ದರು. ಇಡೀ ಶಾಲೆ ಅವರನ್ನು ಜೋಡೆತ್ತು ಎನ್ನುತ್ತಿತ್ತು. ಒಬ್ಬಳು ಕಂಬ: ಉದ್ದ, ಭುಜ ಅಗಲ, ಚೆಂಡು ಎಸೆದರೆ ಕಾಗೆಗಳು ಹಾರಬೇಕು. ಆದರೆ ಹಿಡಿದರೆ ಮಗು ಎದ್ದೇ ಏಳುತ್ತಿತ್ತು. ಇನ್ನೊಬ್ಬಳು ಗುಬ್ಬಿ: ಎಲ್ಲಿಂದ ಬಂದ ಚೆಂಡನ್ನೂ ಸದ್ದಿಲ್ಲದೆ ಹಿಡಿಯುವಳು, ಎಸೆದರೆ ಮಾತ್ರ ನೆಟ್ಟಿನ ಹೊಟ್ಟೆಗೆ. ಒಂದೇ ಬೆಂಚು, ಒಂದೇ ಛತ್ರಿ, ನೀರು ಕುಡಿಯಲು ಹೋದರೂ ಜೊತೆ. ಕಂಬಕ್ಕೆ ಜ್ವರ ಬಂದರೆ ಗುಬ್ಬಿ ರಜೆ.

ಇವರಿಬ್ಬರನ್ನು ನೋಡಿ ಡ್ರಾಯಿಂಗ್ ಮಿಸ್ ತಲೆಯಲ್ಲಿ ಒಂದು ದಿವ್ಯವಾದ ಯೋಜನೆ ಹೊಳೆಯಿತು. ಹಿಂದಿನವರು ಹಿಡಿಯಲಿ, ಮುಂದಿನವರಿಗೆ ಪಾಸ್ ಮಾಡಲಿ, ಮುಂದಿನವರು ನೆಟ್ ದಾಟಿಸಲಿ. ಅವಳ ಅಣ್ಣ ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದುದನ್ನು ಅವಳು ಗೋಡೆಯ ಮೇಲೆ ಕೂತು ನೋಡಿದ್ದಳು. ಅಲ್ಲಿ ಚೆಂಡು ಹಾಗೆಯೇ ಹಿಂದಿನಿಂದ ಮುಂದಕ್ಕೆ ಬಂದು ಆಮೇಲೆ ಆಚೆ ಹೋಗುತ್ತಿತ್ತು. ನೆಟ್ ಒಂದೇ ತರಹದ್ದು, ಚೆಂಡೂ ಸುಮಾರಾಗಿ ಒಂದೇ ತರಹದ್ದು, ಮೇಷ್ಟ್ರೇ ಹೇಳಿದ್ದಾರಲ್ಲ, ಪಾಸಿಂಗ್ ಜಾಸ್ತಿ ಎಂದು. ಗುಬ್ಬಿ ಹಿಡಿಯುವಳು, "ಕೊಡೇ" ಎಂದು ಕಂಬ ಕೈ ಚಾಚುವಳು, ಚೆಂಡು ದಾಟುವುದು, ಕಂಬ ಬೀಸುವಳು, ಕಾಗೆ ಹಾರುವುದು. ಮೂರು ಗುರುವಾರ, ಜೊತೆಗೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚಿನ ಅರ್ಧರ್ಧ ಗಂಟೆ, ಇದನ್ನೇ ತಿದ್ದಿ ತೀಡಿದಳು. ಕೊನೆಗೆ ಅದು ನೋಡಲು ಎಷ್ಟು ಚೆಂದವಾಯಿತೆಂದರೆ, ಜನ್ಮದಲ್ಲಿ ಮೊದಲ ಬಾರಿಗೆ ಅವಳು ಒಂದು ಬೀಗವನ್ನು ಒಂದೇ ಸಲ ಎಳೆದು ಮನೆಗೆ ಹೋದಳು.

ಹೆಮ್ಮೆ ಬಂದವರು ಮಾಡುವ ಮೊದಲ ಕೆಲಸ ವಿಡಿಯೊ ಕಳಿಸುವುದು. ಅವಳೂ ಕಳಿಸಿದಳು. ಮೇಷ್ಟ್ರು ಫೋನ್ ಮಾಡಿದರು. 

"ಮಿಸ್, ಆ ಸಣ್ಣ ಹುಡುಗಿ ಚೆಂಡು ಎಷ್ಟು ಚೆನ್ನಾಗಿ ಹಿಡಿದ್ಲು."

"ಅಲ್ವಾ ಮೇಷ್ಟ್ರೇ!"

"ಹಿಡಿದು ಪಕ್ಕದವಳಿಗೆ ಯಾಕೆ ಕೊಟ್ಲು?"

"ಪಾಸ್ ಮೇಷ್ಟ್ರೇ. ನೀವೇ ಹೇಳಿದ್ರಲ್ಲ, ಪಾಸಿಂಗ್..."

"ಅಯ್ಯೋ ದೇವ್ರೇ. ಅದು ಕೈ ಪಳಗೋಕೆ ಮಾಡಿಸೋ ಅಭ್ಯಾಸ ಮಿಸ್! ಎದುರುಬದುರು ನಿಲ್ಲಿಸಿ! ಮ್ಯಾಚಲ್ಲಿ ತಮ್ಮ ಕಡೆಯವರಿಗೇ ಪಾಸ್ ಕೊಡೋ ಹಾಗಿಲ್ಲ. ಥ್ರೋಬಾಲಲ್ಲಿ ಹಿಡಿದವಳೇ ಎಸೀಬೇಕು. ಕೊಟ್ಟ ತಕ್ಷಣ ಸೀಟಿ, ಎದುರು ಪಾರ್ಟಿಗೆ ಪಾಯಿಂಟು." ಹಿಂದಿನಿಂದ ಅವರ ಹೆಂಡತಿ ಏನೋ ಕೇಳಿದರು. "ಏನಿಲ್ಲ ಕಣೇ, ಕಾಲಲ್ಲ, ಈಗ ತಲೆ ಒಡೀತು" ಎಂದು ಮೇಷ್ಟ್ರು ಆಚೆ ಹೇಳಿ, ಈಚೆ ದನಿ ತಗ್ಗಿಸಿದರು. "ನಾನೇ ಬಿಡಿಸಿ ಹೇಳಬೇಕಿತ್ತು. ಗೊತ್ತಿರುತ್ತೆ ಅಂದ್ಕೊಂಡೆ. ಮ್ಯಾಚ್ ಯಾವತ್ತು?"

"ಬರೋ ಗುರುವಾರ."

ಈ ಸಲ ಬಹಳ ಹೊತ್ತು ಕೆರೆಯುವ ಸದ್ದು ಕೇಳಿತು.

ಮಾರನೆಯ ಬೆಳಿಗ್ಗೆ ಅವಳು ಮೈದಾನಕ್ಕೆ ಬಂದಾಗ ಹುಡುಗಿಯರು ಆಗಲೇ ಪಾಸಿಂಗ್ ಶುರು ಮಾಡಿದ್ದರು. ಚೆಂಡು ಗುಬ್ಬಿಯಿಂದ ಕಂಬಕ್ಕೆ ಎಣ್ಣೆ ಸುರಿದ ಹಾಗೆ ಹೋಗುತ್ತಿತ್ತು. ಅವಳಿಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಮೇಷ್ಟ್ರ ಮೇಲೆ ಹಾಕಬಹುದಿತ್ತು. ನಿಯಮ ಈ ವರ್ಷ ಬದಲಾಯಿತಂತೆ ಅನ್ನಬಹುದಿತ್ತು. ಪ್ಲಾಸ್ಟರಿನ ಮೇಲೆ ಬೇಕಾದರೂ ಹಾಕಬಹುದಿತ್ತು. ಬಾಯಿ ತೆರೆಯುವಾಗ ಮೂರೂ ಉಪಾಯಗಳು ತುದಿನಾಲಗೆಗೆ ಬಂದಿದ್ದವು.

"ಬನ್ರೇ ಎಲ್ಲಾ ಇಲ್ಲಿ. ನಾನು ನಿಮಗೆ ತಪ್ಪು ಕಲಿಸಿದ್ದೀನಿ."

ಹುಡುಗಿಯರು ಚೆಂಡು ಬಿಟ್ಟು ಹತ್ತಿರ ಬಂದರು. ಟೀಚರುಗಳು ಈ ವಾಕ್ಯ ಹೇಳುವುದನ್ನು ಅವರು ಯಾವ ಪೀರಿಯಡ್ಡಿನಲ್ಲೂ ಕೇಳಿರಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಬಾಯಾಳಿ ಎಂಬ ಅಡ್ಡಹೆಸರಿನವಳು ಕೈ ಎತ್ತಿದಳು.

"ಮಿಸ್, ಹಾಗಾದ್ರೆ ಮಾರ್ಕ್ಸ್ ನಿಮಗೆ ಕಟ್ ಆಗತ್ತಾ, ನಮಗಾ?"

"ನಿಮಗೇ ಕಣೇ. ಅದೇ ಕಷ್ಟ."

ಅವಳು ನಿಯಮ ಹೇಳಿದಳು. ಹಿಡಿದವಳೇ ಎಸೆಯಬೇಕು. ಪಕ್ಕದವಳಿಗೆ ಕೊಡುವ ಹಾಗಿಲ್ಲ, ಎಷ್ಟೇ ಗೆಳತಿಯಾಗಿರಲಿ. ಕಂಬ ಗುಬ್ಬಿಯ ಕಡೆ ನೋಡಿದಳು. ಗುಬ್ಬಿ ನೆಟ್ಟಿನ ಕಡೆ ನೋಡಿದಳು. ಅದರ ಎತ್ತರ ಎರಡು ಮೀಟರಿಗೂ ಮೇಲೆ. ಗುಬ್ಬಿಯ ಎತ್ತರ ಅದರ ಮುಕ್ಕಾಲೂ ಇಲ್ಲ.

"ನನ್ನ ಕೈಯಲ್ಲಿ ದಾಟಲ್ಲ ಮಿಸ್" ಎಂದಳು ಗುಬ್ಬಿ. "ನನ್ನ ತೆಗೆದುಬಿಡಿ. ಬೇರೆಯವರನ್ನ ಹಾಕಿ."

"ಅವಳನ್ನ ತೆಗೆದ್ರೆ ನಾನೂ ಆಡಲ್ಲ" ಎಂದಳು ಕಂಬ.

"ಆಯ್ತು, ಇಬ್ಬರೂ ಹೋಗಿ ಭಿನ್ನರಾಶಿ ಮಾಡಿ" ಎಂದಳು ಬಾಯಾಳಿ. "ಅದರಲ್ಲೂ ಮೇಲೆ ಒಬ್ಬರು ಕೆಳಗೆ ಒಬ್ಬರು, ಜೊತೆಗೇ ಇರಬಹುದು."

ಎಲ್ಲರೂ ನಕ್ಕದ್ದು ಒಳ್ಳೆಯದಾಯಿತು. ಆ ನಗು ಮುಗಿಯುವುದರೊಳಗೆ ಡ್ರಾಯಿಂಗ್ ಮಿಸ್ ಜೇಬಿನಿಂದ ಬಣ್ಣದ ಸೀಮೆಸುಣ್ಣದ ಡಬ್ಬಿ ತೆಗೆದಳು. ಭಯವಾದಾಗ ಅವಳಿಗೆ ಬರುತ್ತಿದ್ದ ವಿದ್ಯೆ ಒಂದೇ.

ನೆಟ್ಟಿನ ಈಚೆ ಏಳು ವೃತ್ತ ಬರೆದಳು. ಮುಂದೆ ಎರಡು, ನಡುವೆ ಮೂರು, ಹಿಂದೆ ಎರಡು, ಒಂದೊಂದಕ್ಕೂ ಒಂದೊಂದು ಬಣ್ಣ. "ಇದು ನಿಮ್ಮ ನಿಮ್ಮ ಮನೆ. ಮನೆಗೆ ಬಂದ ಚೆಂಡನ್ನ ಮೂರು ಎಣಿಸೋದರೊಳಗೆ ನೀವೇ ಆಚೆ ಬೀದಿಗೆ ಕಳಿಸಬೇಕು. ಪಕ್ಕದ ಮನೆಗೆ ಕೊಟ್ರೋ, ಇಬ್ಬರೂ ಮನೆ ಖಾಲಿ ಮಾಡಬೇಕು." ನೆಟ್ಟಿನ ಆಚೆ ನೆಲದ ತುಂಬ ಚಿತ್ರ ಬರೆದಳು. ನಡುವೆ ಒಂದು ದೊಡ್ಡ ಬೆಕ್ಕು, ಅದಕ್ಕೆ ಒಂದು ಪಾಯಿಂಟು. ಎರಡೂ ಪಕ್ಕದ ಗೆರೆಯ ಒಳಗೆ ಮೀನುಗಳು, ಅವಕ್ಕೆ ಎರಡು. ಹಿಂದಿನ ಮೂಲೆಗಳಲ್ಲಿ ಕನ್ನಡಕ ಹಾಕಿಕೊಂಡ ಒಂದೊಂದು ಮುಖ. ಅದು ಯಾರದ್ದೆಂದು ಅವಳು ಹೇಳಲಿಲ್ಲ, ಹುಡುಗಿಯರೂ ಕೇಳಲಿಲ್ಲ. ಐದು ಪಾಯಿಂಟು ಎಂದ ಕೂಡಲೇ ಎಲ್ಲರ ಗುರಿ ಆಶ್ಚರ್ಯಕರವಾಗಿ ಸುಧಾರಿಸಿತು.

ಗುಬ್ಬಿಗೆ ಬೇರೆ ಪಾಠ. ನೆಟ್ಟಿನಿಂದ ಹಿಂದಕ್ಕೆ ಒಂದರ ಹಿಂದೆ ಒಂದು ಗೆರೆ ಎಳೆದಳು. ಹತ್ತಿರದ ಗೆರೆಯಿಂದ ಎಸೆದು ದಾಟಿದರೆ ಒಂದು ಗೆರೆ ಹಿಂದಕ್ಕೆ, ದಾಟದಿದ್ದರೆ ಅಲ್ಲಿಯೇ. ಎಸೆಯುವುದು ತೋಳಿನಿಂದಲ್ಲ, ಕಾಲಿನಿಂದ ಶುರುವಾಗುತ್ತದೆಂದು ಮೇಷ್ಟ್ರು ಫೋನಿನಲ್ಲಿ ಕೂಗಿ ಹೇಳಿದ್ದರು. ಬಲಗೈಯಲ್ಲಿ ಎಸೆಯುವವಳಿಗೆ ಎಡಗಾಲು ಮುಂದೆ, ಮೊಣಕೈ ಕಿವಿಯ ಪಕ್ಕ, ಭಾರ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ. "ನೆಟ್ ನೋಡಬೇಡ ಕಣೇ, ಅದರ ಮೇಲೆ ಆಕಾಶ ನೋಡು" ಎಂದಳು ಮಿಸ್. ಗುಬ್ಬಿ ಆಕಾಶ ನೋಡಿ ಎಸೆದಳು. ಮಂಗಳವಾರದ ಹೊತ್ತಿಗೆ ನಡುವಿನ ಗೆರೆಯಿಂದ ಎಸೆದ ಚೆಂಡು ನೆಟ್ ದಾಟಿತು. ಬುಧವಾರವೂ ಅವಳು ಆ ಗೆರೆಯಲ್ಲೇ ನಿಂತಳು. ಹಿಂದಿನ ಗೆರೆಯಿಂದ ಎಸೆದ ಚೆಂಡುಗಳೆಲ್ಲ ನೆಟ್ಟಿಗೆ ಬಡಿದು, ನಾಚಿಕೊಂಡ ಹಾಗೆ ಉರುಳಿ, ಗುಬ್ಬಿಯ ಕಾಲ ಬಳಿಯೇ ವಾಪಸು ಬಂದವು. ಕಂಬ ದೂರದಲ್ಲಿ ನಿಂತು ಉಗುರು ಕಡಿಯುತ್ತಿದ್ದಳು. ಮಿಸ್ಸೂ ಕಡಿಯುತ್ತಿದ್ದಳು, ನೋಡಿದವರು ಇಬ್ಬರಿಗೂ ಒಂದೇ ಊಟದ ಹೊತ್ತು ಎಂದುಕೊಳ್ಳಬೇಕು.

"ನಿಲ್ಲೋ ಜಾಗದ ಸರದಿ ತಿರುಗಿದ ಹಾಗೆ ಗುಬ್ಬಿ ಹಿಂದಕ್ಕೆ ಬಂದೇ ಬರ್ತಾಳಲ್ಲ ಮೇಷ್ಟ್ರೇ?" ಎಂದು ಫೋನಿನಲ್ಲಿ ಕೇಳಿದಳು.

"ಬರ್ತಾಳೆ."

"ಚೆಂಡು ಅವಳ ಹತ್ತಿರಾನೇ ಬಂದ್ರೆ?"

"ಬರತ್ತೆ. ಬರಬಾರ್ದು ಅಂದವರ ಹತ್ತಿರಾನೇ ಚೆಂಡು ಬರೋದು ಮಿಸ್. ಅದು ನಿಯಮದಲ್ಲಿ ಬರೆದಿಲ್ಲ, ಅಷ್ಟೇ."

ಗುರುವಾರ ಪಕ್ಕದ ಬೀದಿಯ ಶಾಲೆಯ ಮೈದಾನ. ಬಿಸಿಲು, ಸುಣ್ಣದ ಗೆರೆ, ಬಿಗಿಯಾಗಿ ಕಟ್ಟಿದ ನೆಟ್. ಆ ಶಾಲೆಯ ಹುಡುಗಿಯರು ಒಂದೇ ಬಣ್ಣದ ಸಾಕ್ಸು ಹಾಕಿದ್ದರು. ಅದನ್ನು ನೋಡಿಯೇ ಡ್ರಾಯಿಂಗ್ ಮಿಸ್ಸಿಗೆ ಅರ್ಧ ಸೋತಂತಾಯಿತು. ಹೆಡ್‌ಮೇಡಂ ಉತ್ತರಪತ್ರಿಕೆಗಳ ಕಟ್ಟು ತಂದು, ಕುರ್ಚಿಯಲ್ಲಿ ಕೂತು, ಕೆಂಪು ಪೆನ್ನು ತೆರೆದರು. ಆಟ ನೋಡಲು ಬಂದವರ ಹಾಗೆ ಇರಲಿಲ್ಲ. ಆಟ ಮುಗಿಯುವುದನ್ನು ನೋಡಲು ಬಂದವರ ಹಾಗಿದ್ದರು.

ಮೊದಲ ಸೆಟ್ಟಿನಲ್ಲಿ ಭಯ ಏನೇನು ಹೇಳಿತ್ತೋ ಅದೆಲ್ಲ ನಡೆಯಿತು. ಸೀಮೆಸುಣ್ಣದ ಮನೆಗಳು ಇಲ್ಲಿರಲಿಲ್ಲ. ಎರಡನೆಯ ಚೆಂಡನ್ನೇ ಗುಬ್ಬಿ ಹಿಡಿದು, ಕಂಬ "ಕೊಡೇ" ಎನ್ನುವುದಕ್ಕೂ ಮುಂಚೆ ಕೊಟ್ಟಾಗಿತ್ತು. ರೆಫರಿ ಸೀಟಿ ಊದಿದರು. ಪಾಯಿಂಟು ಆಚೆಗೆ. ಆಮೇಲೆ ನಡುವಿನವಳು ಕೊಟ್ಟಳು, ಆಮೇಲೆ ಮತ್ತೆ ಗುಬ್ಬಿ. ತಪ್ಪನ್ನು ಎಷ್ಟು ಚೆನ್ನಾಗಿ ಕಲಿಸಬಹುದು ಎಂಬುದಕ್ಕೆ ಡ್ರಾಯಿಂಗ್ ಮಿಸ್ ಅಲ್ಲಿ ನಿಂತು ಸಾಕ್ಷಿಯಾದಳು. ಅಷ್ಟು ಸಾಲದೆಂದು ಬಾಯಾಳಿ ಸರ್ವೀಸಿನಲ್ಲಿ ಗೆರೆ ತುಳಿದಳು. ಹದಿನೈದು - ಆರು.

"ಮುಗೀತಾ?" ಎಂದರು ಹೆಡ್‌ಮೇಡಂ, ಪತ್ರಿಕೆಯಿಂದ ತಲೆ ಎತ್ತದೆ.

"ಇನ್ನೂ ಇದೆ ಮೇಡಂ."

ವಿರಾಮದಲ್ಲಿ ಏಳು ಹುಡುಗಿಯರು ಸುತ್ತ ನಿಂತರು. ಗುಬ್ಬಿಯ ಕಣ್ಣಲ್ಲಿ ನೀರು ತುಂಬಿತ್ತು.  ಮಿಸ್ ಜೇಬಿಗೆ ಕೈ ಹಾಕಿ ಒಂದೊಂದು ಸೀಮೆಸುಣ್ಣ ತೆಗೆದು, ಒಬ್ಬೊಬ್ಬಳ ಬೂಟಿನ ಮುಂತುದಿಗೆ ಅವಳವಳ ಮನೆಯ ಬಣ್ಣದ ಒಂದು ಚುಕ್ಕೆ ಇಟ್ಟಳು. ಗುಬ್ಬಿಗೆ ಹಸಿರು, ಕಂಬಕ್ಕೆ ಕೆಂಪು.

"ಮನೆ ಕಾಲಲ್ಲೇ ಇದೆ. ನೀವು ಎಲ್ಲಿ ನಿಂತ್ರೂ ಅದೇ ನಿಮ್ಮ ಮನೆ. ಚೆಂಡು ಹಿಡಿದ ಕೂಡಲೇ ಕಾಲು ನೋಡ್ಕೊಳ್ಳಿ, ಆಮೇಲೆ ಆಕಾಶ. ಪಕ್ಕಕ್ಕೆ ನೋಡಬೇಡಿ."

"ಪಕ್ಕಕ್ಕೆ ನಾನಿರ್ತೀನಲ್ಲ ಮಿಸ್" ಎಂದಳು ಕಂಬ, ದುಃಖದಿಂದ.

"ನೀನು ಕೈ ಚಾಚಬೇಡ ತಾಯೀ. ಬೆನ್ನ ಹಿಂದೆ ಕಟ್ಕೋ ಬೇಕಾದ್ರೆ."

"ಕಟ್ಕೊಂಡ್ರೆ ಹಿಡಿಯೋದು ಯಾವುದರಲ್ಲಿ?" ಎಂದಳು ಬಾಯಾಳಿ. ಸೀಟಿ ಬಿತ್ತು.

ಎರಡನೆಯ ಸೆಟ್ಟಿನಲ್ಲಿ ಏನೋ ಒಂದು ಬದಲಾಯಿತು. ಹುಡುಗಿಯರು ಚೆಂಡು ಹಿಡಿಯುವುದು, ಬೂಟು ನೋಡುವುದು, ಎಸೆಯುವುದು. ಎದುರಿನವರಿಗೆ ಇದು ಯಾವ ಪಂಥದ ಪ್ರಾರ್ಥನೆಯೋ ತಿಳಿಯಲಿಲ್ಲ. ಚೆಂಡುಗಳು ಮೂಲೆಗಳಿಗೆ ಹೋಗತೊಡಗಿದವು, ಕನ್ನಡಕದ ಮುಖಗಳು ಇರಬೇಕಾದ ಕಡೆಗೇ. ಕಂಬ ಎಸೆದ ಒಂದು ಚೆಂಡನ್ನು ಎದುರಿನವಳು ಹಾರಿ ಹಿಡಿದು ಸೀಟಿ ತಿಂದಳು. ಇನ್ನೊಬ್ಬಳ ಕೈಯಲ್ಲಿ ಚೆಂಡು ಪಟ್ ಎಂದಿತು. "ಮಗು ಎದ್ದಿತು" ಎಂದು ಬಾಯಾಳಿ ಮೆಲ್ಲಗೆ ಹೇಳಿದಳು. ಎಂಟು - ಎಂಟು. ಹನ್ನೊಂದು - ಹನ್ನೆರಡು. ಡ್ರಾಯಿಂಗ್ ಮಿಸ್ ಬಾಯಲ್ಲಿ ಏನೋ ಸುಣ್ಣದ ರುಚಿ. ನೋಡಿದರೆ ಬಿಳಿ ಸೀಮೆಸುಣ್ಣದ ತುದಿ ಕಡಿದಿದ್ದಳು. ಕೆಂಪು ಪೆನ್ನಿನ ಸದ್ದು ನಿಂತಿದ್ದನ್ನು ಅವಳು ಗಮನಿಸಲಿಲ್ಲ.

ಹದಿನಾಲ್ಕು - ಹದಿಮೂರು, ಅವಳ ಹುಡುಗಿಯರ ಕಡೆಗೆ. ಸರದಿ ತಿರುಗಿ ತಿರುಗಿ ಗುಬ್ಬಿ ಹಿಂದಿನ ಸಾಲಿಗೆ ಬಂದಿದ್ದಳು.

ಸರ್ವೀಸು ಆಚೆ ಹೋಯಿತು, ಈಚೆ ಬಂತು, ಮತ್ತೆ ಆಚೆ ಹೋಯಿತು. ಎದುರಿನ ನಾಯಕಿ ಚೆಂಡು ಹಿಡಿದು ಈ ಕಡೆಯ ಏಳು ಮಂದಿಯನ್ನೂ ಒಮ್ಮೆ ಅಳೆದು ನೋಡಿ, ಯಾರು ಸಣ್ಣವಳೋ ಅವಳ ಕಡೆಗೇ ಉದ್ದಕ್ಕೆ ಬೀಸಿದಳು. ನಿಯಮದಲ್ಲಿ ಬರೆಯದ ನಿಯಮ. ಗುಬ್ಬಿ ಎರಡು ಹೆಜ್ಜೆ ಹಿಂದೆ ಸರಿದು, ಕಾಲೂರಿ, ಎರಡೂ ಕೈಯಲ್ಲಿ ಹಿಡಿದಳು. ಎಲೆ ಬಿದ್ದಷ್ಟೂ ಸದ್ದಿಲ್ಲ.

ಒಂದು.

ನಡುವಿನ ಸಾಲಿನಲ್ಲಿ ಕಂಬ ತಿರುಗಿದಳು. ತಿರುಗಬಾರದಿತ್ತು. ಅವಳ ಎರಡೂ ಕೈ ಅವಳನ್ನು ಕೇಳದೆಯೇ ಮುಂದಕ್ಕೆ ಬಂದವು. ಗುಬ್ಬಿ ಅವಳನ್ನು ನೋಡಿದಳು. ಆ ನೋಟದಲ್ಲಿ ಮೂರು ಗುರುವಾರ, ಒಂದು ಬೆಂಚು, ಒಂದು ಛತ್ರಿ ಎಲ್ಲ ಇತ್ತು. 

ಎರಡು.

ಕಂಬ ತನ್ನ ಕೈಗಳನ್ನು ಈಗ ತಾನೇ ಕಂಡವಳ ಹಾಗೆ ನೋಡಿ, ಸರಕ್ಕನೆ ಬೆನ್ನ ಹಿಂದಕ್ಕೆ ಎಳೆದುಕೊಂಡಳು. ಗುಬ್ಬಿ ತಲೆ ತಗ್ಗಿಸಿ ಬೂಟಿನ ಹಸಿರು ಚುಕ್ಕೆ ನೋಡಿದಳು. ಎಡಗಾಲು ಮುಂದಕ್ಕೆ ಬಂತು. ಮೊಣಕೈ ಕಿವಿಯ ಪಕ್ಕ ಹೋಯಿತು. ಆಕಾಶ ನೋಡಿ ಎಸೆದಳು.

ಚೆಂಡು ಹೋಯಿತು, ಹೋಯಿತು, ಸಾಲದು ಎನಿಸಿತು. ನೆಟ್ಟಿನ ಮೇಲಂಚಿಗೆ ತಾಗಿ ನಿಂತೇಬಿಟ್ಟಿತು ಎನ್ನುವಷ್ಟು ಹೊತ್ತು ನಿಂತು, ಯೋಚಿಸಿ, ಆಚೆಗೆ ಉರುಳಿತು. ಎದುರಿನ ಮುಂದಿನ ಸಾಲಿನ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿದರು. ನೆಟ್ಟಿಗೆ ತಾಗಿತು, ಸೀಟಿ ಬೀಳುತ್ತದೆ ಎಂದು ಇಬ್ಬರೂ ನೆಚ್ಚಿಕೊಂಡಿದ್ದರು. ಸೀಟಿ ಬೀಳಲಿಲ್ಲ. ಚೆಂಡು ಬಿತ್ತು.

"ನೆಟ್! ನೆಟ್ ಟಚ್ ಆಯ್ತು!" ಎಂದು ಆ ಶಾಲೆಯ ಟೀಚರು ಓಡಿ ಬಂದರು.

ಡ್ರಾಯಿಂಗ್ ಮಿಸ್ ಫೋನಿನ ಪಾಠವನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಸರ್ವೀಸಿನಲ್ಲಿ ತಾಗಬಾರದು, ಆಟದ ಮಧ್ಯೆ ತಾಗಿದರೆ ಪರವಾಗಿಲ್ಲ. ಹಾಗೆಯೇ ತಾನೇ? ಅಥವಾ ಉಲ್ಟಾನಾ? ಒಂದು ನಿಯಮವನ್ನು ತಲೆಕೆಳಗಾಗಿ ಕಲಿಸಿದವಳಿಗೆ ಇನ್ನೊಂದರ ಮೇಲೆ ನಂಬಿಕೆ ಬರುವುದಾದರೂ ಹೇಗೆ? ಅವಳು ರೆಫರಿಯ ಕೈಯನ್ನೇ ನೋಡಿದಳು. ರೆಫರಿ ಬೆವರು ಒರೆಸಿಕೊಂಡರು. ಆಮೇಲೆ ಅವಸರವಿಲ್ಲದೆ ಹೇಳಿದರು:

"ಸರ್ವೀಸ್ ಅಲ್ಲ ಮೇಡಂ, ರ್‍ಯಾಲಿ. ತಾಗಬಹುದು. ಪಾಯಿಂಟ್ ಈ ಕಡೆ. ಸೆಟ್."

ಕಂಬ ಗುಬ್ಬಿಯನ್ನು ಎತ್ತಿ ಸುತ್ತಿಸಿದಳು.  ಡ್ರಾಯಿಂಗ್ ಮಿಸ್ ಸೀಟಿ ಊದಬೇಕೆಂದುಕೊಂಡಳು, ಊದಿದರೆ ಯಾವುದಾದರೂ ಫೌಲ್ ಆದೀತೆಂದು ಹೆದರಿ ಬಿಟ್ಟಳು.

ಮೂರನೆಯ ಸೆಟ್ಟಿನಲ್ಲಿ ಎಲ್ಲರೂ ಸುಸ್ತಾಗಿದ್ದರು, ಬೂಟಿನ ಚುಕ್ಕೆಗಳು ಧೂಳಿನಲ್ಲಿ ಅಳಿಸಿದ್ದವು. ಕಂಬ ಎರಡು ಸಲ ಮಗುವನ್ನು ಎಬ್ಬಿಸಿದಳು. ಆದರೆ ಯಾರೂ ಯಾರಿಗೂ ಪಾಸ್ ಕೊಡಲಿಲ್ಲ.

ಹೆಡ್‌ಮೇಡಂ ಪತ್ರಿಕೆಗಳನ್ನು ಕಟ್ಟಿ ಎದ್ದರು. ಮೇಲಿನ ಪತ್ರಿಕೆಯ ಒಂದು ಲೆಕ್ಕಕ್ಕೆ ಅರ್ಧ ಸರಿ ಚಿಹ್ನೆ ಬಿದ್ದು, ಅಲ್ಲಿಯೇ ಉಳಿದಿತ್ತು.

"ಮ್ಯಾಚ್ ಸೋತ್ರಿ" ಎಂದರು.

"ಹೌದು ಮೇಡಂ."

"ನಾನು ಹೇಳಿದ್ದು ಒಂದು ಸೆಟ್."

"ಹೌದು ಮೇಡಂ."

"ಒಂದು ಅಂದ್ರೆ ಒಂದೇ. ಗಣಿತದಲ್ಲಿ ಅದಕ್ಕೆ ಬೇರೆ ಅರ್ಥ ಇಲ್ಲ." ಎರಡು ಹೆಜ್ಜೆ ಹೋಗಿ ನಿಂತರು. "ಆ ಮೂಲೆಯ ಮುಖ ನಾನು ನೋಡಿದೀನಿ. ಮೂಗು ಸ್ವಲ್ಪ ದೊಡ್ಡದಾಯ್ತು."

ಏಳನೇ ತರಗತಿಯ ಹುಡುಗಿಯರು ಆ ಪಂದ್ಯವನ್ನು ಎರಡು - ಒಂದು ಸೆಟ್ಟುಗಳಿಂದ ಸೋತರು. ಗುರುವಾರದ ಎರಡು ಪೀರಿಯಡ್ಡುಗಳು ಥ್ರೋಬಾಲಿಗೆ ಉಳಿದವು.